ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ 103

ಏಳು ತಿಂಗಳ ಬಸುರಿಯೊಬ್ಬಳ ಲೆಕ್ಕ ನೋಡೋಣ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದಾಗ 158 ಬಂದಿತ್ತು. ನಮ್ಮಲ್ಲಿ 140 ಮುಟ್ಟಿದರೆ ಗರ್ಭಾವಧಿಯ ಮಧುಮೇಹ ಎಂದು ಹಿಡಿಯುತ್ತಾರೆ. ಎರಡು ವಾರ ಪಥ್ಯ ಮಾಡಿದಳು. ಊಟವಾಗಿ ಎರಡು ಗಂಟೆಗೆ 112, 118, 115. ಗುರಿ 120ರೊಳಗೆ, ಆದ್ದರಿಂದ ಅಷ್ಟರಮಟ್ಟಿಗೆ ಪಥ್ಯ ಗೆದ್ದಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ 98, 102, 104. ಅದು 95ಕ್ಕಿಂತ ಕೆಳಗಿರಬೇಕಿತ್ತು.

“ರಾತ್ರಿ ಕಡಿಮೆ ತಿಂದರೆ ಬೆಳಿಗ್ಗೆ ಸರಿಹೋಗುತ್ತೆ”

ಅತ್ತೆ ಹೇಳಿದ್ದು ಇದನ್ನೇ: “ರಾತ್ರಿ ಮುದ್ದೆ ಬಿಡಮ್ಮ, ಒಂದು ಲೋಟ ಮಜ್ಜಿಗೆ ಸಾಕು.” ಸೊಸೆ ಬಿಟ್ಟಳು. ಮರುದಿನ ಬೆಳಿಗ್ಗೆ 103.

ಬೆಳಗಿನ ಸಕ್ಕರೆ ತಟ್ಟೆಯಿಂದ ಬಂದದ್ದಲ್ಲ, ಪಿತ್ತಜನಕಾಂಗದಿಂದ ಬಂದದ್ದು. ನಾವು ಮಲಗಿರುವಾಗ ಅದು ತನ್ನ ದಾಸ್ತಾನಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್. ಬಸುರಿಯಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಆ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತವೆ. ಮಾಸು ಬೆಳೆದಷ್ಟೂ ತಡೆ ಹೆಚ್ಚು. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿಕೊಂಡು ಸರಿದೂಗಿಸುತ್ತದೆ, ಕೆಲವರದು ಸೋಲುತ್ತದೆ. ಇದರಲ್ಲಿ ನಾಲಿಗೆ ಚಪಲದ ಪಾತ್ರ ಎಲ್ಲಿದೆ? “ಪಥ್ಯ ಸರಿಯಾಗಿ ಮಾಡಿಲ್ಲ” ಎಂದು ಬೈಸಿಕೊಳ್ಳುವ ಹೆಂಗಸರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಊಟ ಬಿಟ್ಟರೆ ಕೊಬ್ಬು ಕರಗಿ ಮೂತ್ರದಲ್ಲಿ ಕೀಟೋನ್ ಕಾಣಿಸಿಕೊಳ್ಳಬಹುದು, ತೂಕ ಇಳಿಯಬಹುದು. ಬಸುರಿಗೆ ಎರಡೂ ಒಳ್ಳೆಯದಲ್ಲ.

ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಮಲಗುವ ಹೊತ್ತಿಗೆ, ರಾತ್ರಿಯಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಕೊಡುತ್ತಾರೆ. ಈಕೆಗೆ 4 ಯೂನಿಟ್‌ನಿಂದ ಶುರುಮಾಡಿ, ಮೂರು ದಿನಕ್ಕೊಮ್ಮೆ ಅಂಕಿ ಬರೆದಿಟ್ಟ ಪುಸ್ತಕ ನೋಡಿ ಎರಡೆರಡು ಏರಿಸಿದರು. 10ಕ್ಕೆ ಬಂದಾಗ ಬೆಳಿಗ್ಗೆ 89. ರಾತ್ರಿ ಮುದ್ದೆಯೂ ಅಳತೆಯಲ್ಲಿ ವಾಪಸ್ಸು ಬಂತು.

“ಇಂಜೆಕ್ಷನ್ ಮಗುವಿಗೆ ತಾಗುತ್ತೆ, ಮಾತ್ರೆಯೇ ವಾಸಿ”

ಇದು ತಲೆಕೆಳಗಾದ ನಂಬಿಕೆ. ಇನ್ಸುಲಿನ್ ಅಣು ದೊಡ್ಡದು, ಮಾಸನ್ನು ದಾಟಿ ಮಗುವಿಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ದಾಟುವುದು ಸಕ್ಕರೆ. ಕೆಲವರಿಗೆ ವೈದ್ಯರು ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ದಾಟುತ್ತದೆ. ತಾಯಿಯ ಸಕ್ಕರೆ ಹೆಚ್ಚಾಗಿ ಹೋದರೆ ಮಗು ತಾನೇ ಹೆಚ್ಚು ಇನ್ಸುಲಿನ್ ಮಾಡಿ ದಪ್ಪಗಾಗುತ್ತದೆ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಭಯ ಹೆಚ್ಚುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯ ಸಕ್ಕರೆ ನಿಂತರೂ ಮಗುವಿನ ಇನ್ಸುಲಿನ್ ತಕ್ಷಣ ಇಳಿಯದೆ, ಅದರ ಸಕ್ಕರೆ ಕುಸಿಯಬಹುದು.

ಇಂಜೆಕ್ಷನ್ನಿನಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ 40 ಎಂಬ ಅಳತೆಯದೂ ಉಂಟು, 100ರದೂ ಉಂಟು. ಸಿರಿಂಜಿನ ಮೇಲಿನ ಅಂಕಿ ಬಾಟಲಿಯ ಅಂಕಿಗೆ ಹೊಂದದಿದ್ದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಕೈ ನಡುಗಿ, ಬೆವರಿ, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು.

“ಮನೆಯ ಮೀಟರ್ ನಂಬುವಂಥದ್ದಲ್ಲ”

ಈಕೆಗೆ ಒಂದು ಮಧ್ಯಾಹ್ನ 171 ಬಂತು. ಮನೆಯವರೆಲ್ಲ ಗಾಬರಿ. ನೋಡಿದರೆ ಮಾವಿನಹಣ್ಣು ಹೆಚ್ಚಿ ಕೈ ಒರೆಸಿಕೊಂಡು ಬಂದಿದ್ದಳು. ಸೋಪು ಹಾಕಿ ತೊಳೆದು ಒಣಗಿಸಿ ಮತ್ತೆ ಚುಚ್ಚಿದಾಗ 117. ಬೆರಳಿಗೆ ಅಂಟಿದ ಹಣ್ಣಿನ ರಸವನ್ನೂ ಸ್ಟ್ರಿಪ್ ಸಕ್ಕರೆಯೆಂದೇ ಲೆಕ್ಕ ಹಾಕಿತ್ತು.

ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ, ಅಲ್ಲಿ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಅಂಕಿ ಕೆಡುತ್ತದೆ. ಎರಡು ಗಂಟೆ ಎಣಿಸಬೇಕಾದದ್ದು ಊಟದ ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದಲ್ಲ. ಇದೆಲ್ಲ ಸರಿಯಿದ್ದರೂ ಲ್ಯಾಬಿನ 100ನ್ನು ಮೀಟರ್ 90 ಅಥವಾ 110 ಎಂದು ತೋರಿಸಬಹುದು, ಅಷ್ಟು ವ್ಯತ್ಯಾಸಕ್ಕೆ ಮೀಟರುಗಳ ಅಂತರರಾಷ್ಟ್ರೀಯ ಮಾನದಂಡವೇ ಜಾಗ ಬಿಟ್ಟಿದೆ. ಆದ್ದರಿಂದ ವೈದ್ಯರು ಡೋಸ್ ಬದಲಿಸುವುದು ಒಂದು ಅಂಕಿ ನೋಡಿ ಅಲ್ಲ, ಒಂದೇ ಹೊತ್ತಿನ ಮೂರು ನಾಲ್ಕು ದಿನದ ಅಂಕಿಗಳನ್ನು ನೋಡಿ. ವೈದ್ಯರನ್ನು ಮೆಚ್ಚಿಸಲು ಹೆಚ್ಚು ಬಂದದ್ದನ್ನು ಬರೆಯದೆ ಬಿಟ್ಟರೆ ಆ ಲೆಕ್ಕವೇ ತಪ್ಪುತ್ತದೆ.

“ಒಮ್ಮೆ ಶುರುವಾದರೆ ಸಾಯೋತನಕ”

ಮಾಸು ಹೊರಬಿದ್ದ ಕೂಡಲೇ ತಡೆ ಇಳಿಯುತ್ತದೆ, ಹೆಚ್ಚಿನವರಿಗೆ ಹೆರಿಗೆಯ ದಿನವೇ ಇನ್ಸುಲಿನ್ ನಿಲ್ಲುತ್ತದೆ. ಮುಂದೆ ಮಧುಮೇಹ ಬರುವ ಸಂಭವ ಮಾತ್ರ ಉಳಿದವರಿಗಿಂತ ಹೆಚ್ಚು. ಅದಕ್ಕಾಗಿ ಆರು ವಾರಕ್ಕೆ ಇನ್ನೊಮ್ಮೆ ಗ್ಲೂಕೋಸ್ ಕುಡಿದು ಪರೀಕ್ಷೆ ಮಾಡಿಸಬೇಕು. ಬಾಣಂತಿ ಹೊಸಿಲು ದಾಟಬಾರದೆನ್ನುವ ಮನೆಗಳಲ್ಲಿ ಇದು ತಪ್ಪಿಹೋಗುವುದೇ ಹೆಚ್ಚು. ಆದರೆ ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಹೇಗೂ ಹೋಗುತ್ತಾರೆ. ಆ ಬೆಳಿಗ್ಗೆ ತಾಯಿ ಖಾಲಿ ಹೊಟ್ಟೆಯಲ್ಲಿ ಹೊರಟರೆ ಎರಡೂ ಕೆಲಸ ಒಂದೇ ಓಡಾಟದಲ್ಲಿ ಆಗುತ್ತದೆ.