ತಗ್ಗಿನ ಎಂಜಿನ್, ಅಗಲದ ತೊಡಕು

ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಎಂಜಿನ್ ಕಿರಿದಾಗುತ್ತದೆ, ಆದರೆ ಎತ್ತರವಾಗುತ್ತದೆ. ‘ವಿ’ ಆಕಾರದಲ್ಲಿ ಓರೆಯಾಗಿಸಿದರೆ ಎತ್ತರ ತಗ್ಗಿ ಅಗಲ ಹೆಚ್ಚುತ್ತದೆ. ಸುಬಾರು ಕಾರಿನ ಬಾಕ್ಸರ್ ಎಂಜಿನ್‌ನಲ್ಲಂತೂ ಅವು ಕ್ರ್ಯಾಂಕ್‌ಶಾಫ್ಟ್‌ನ ಎಡಬಲಕ್ಕೆ ಮಲಗಿಯೇ ಇರುತ್ತವೆ. ಭಾರವಾದ ಸಿಲಿಂಡರ್ ಹೆಡ್‌ಗಳು ಕೆಳಗಿಳಿಯುವುದರಿಂದ ಗುರುತ್ವಕೇಂದ್ರವೂ ಇಳಿದು, ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ.

ಹಾಗಾದರೆ ಮಲಗಿದ ಎಂಜಿನ್ನೇ ಮೇಲೇ? ಯಾವಾಗಲೂ ಅಲ್ಲ.

1970ರ ದಶಕದಲ್ಲಿ ಫೆರಾರಿಯ ಫಾರ್ಮುಲಾ ಒನ್ ಕಾರುಗಳು ಚಪ್ಪಟೆಯಾದ 12 ಸಿಲಿಂಡರ್ ಎಂಜಿನ್‌ನಿಂದಲೇ ಗೆಲ್ಲುತ್ತಿದ್ದವು. 1978ರಲ್ಲಿ ಬಂದ ಲೋಟಸ್ 79, ಅಡಿಯ ಇಕ್ಕೆಲಗಳ ಸುರಂಗದಲ್ಲಿ ಗಾಳಿ ಹರಿಸಿ ನೆಲಕ್ಕೆ ಅಂಟಿಕೊಂಡಂತೆ ಓಡಿತು. ಅದರ ವಿ8 ಎಂಜಿನ್ ಬುಡದಲ್ಲಿ ಕಿರಿದಾಗಿದ್ದು, ಸುರಂಗಕ್ಕೆ ಜಾಗ ಬಿಟ್ಟಿತ್ತು. ಫೆರಾರಿಯ ಹೆಡ್‌ಗಳು ಅದೇ ದಾರಿಗೆ ಅಡ್ಡ ಚಾಚಿದ್ದವು. 1981ರಲ್ಲಿ ಫೆರಾರಿ ಟರ್ಬೊ ವಿ6ಗೆ ಹೊರಳಿತು.