ಕಾರಣಕ್ಕೂ ಒಂದು ಅಂಕಣ

ಹಳೆಯ ಪತ್ರಿಕೆಗಳ ಸಾವಿರಾರು ಬರಹಗಳಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಗೆ ಸಂಬಂಧಿಸಿದವನ್ನು ಹೆಕ್ಕುವ ಕೆಲಸವನ್ನು ಒಂದು ಭಾಷಾ ಮಾದರಿಗೆ ವಹಿಸಿದ್ದೇವೆ ಎಂದಿಟ್ಟುಕೊಳ್ಳೋಣ. ಅದರ ಉತ್ತರವನ್ನು ಮೊದಲು ಓದುವುದು ಮನುಷ್ಯರಲ್ಲ, ಇನ್ನೊಂದು ಪ್ರೋಗ್ರಾಂ. ಹಾಗಾಗಿ ಉತ್ತರ ಜೇಸನ್ ರೂಪದಲ್ಲೇ ಬರಬೇಕು. ಜೇಸನ್‌ನಲ್ಲಿ ಟಿಪ್ಪಣಿ ಬರೆಯಲು ಜಾಗವೇ ಇಲ್ಲ. ಆವರಣದ ಹೊರಗೆ ‘ಇಗೋ ನಿಮ್ಮ ಉತ್ತರ’ ಎಂಬಷ್ಟು ಮಾತು ಸೇರಿದರೂ ಓದುವ ಪ್ರೋಗ್ರಾಂ ಇಡೀ ಉತ್ತರವನ್ನು ತಿರಸ್ಕರಿಸುತ್ತದೆ. ಹಾಗೆಂದು ವಿವರಣೆಯನ್ನೇ ಬಿಟ್ಟುಬಿಟ್ಟರೆ, ಆಮೇಲೆ ತಪ್ಪು ಹುಡುಕುವವರಿಗೆ ಯಾವ ಸುಳಿವೂ ಉಳಿಯುವುದಿಲ್ಲ. ಆದ್ದರಿಂದ ವಿವರಣೆಗೂ `reason` ಎಂಬ ಅಂಕಣ ಕೊಡುವುದೇ ಸರಿ. ಆದರೆ ಒಳಗೆ ಬಂದ ಮಾತೂ ಎಡವಬಲ್ಲದು:

```
{"reason": ""ಮೈಸೂರು ಮಲ್ಲಿಗೆ"ಯ ಕವಿಯ ಹುಟ್ಟೂರು", "match": true}
```

ಇಲ್ಲಿ ಹೇಳಿದ್ದು ನಿಜ. ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದು ಕಿಕ್ಕೇರಿಯಲ್ಲೇ. ಆದರೂ ಈ ಸಾಲನ್ನು ಓದಲಾಗದು. ಪುಸ್ತಕದ ಹೆಸರಿಗೆ ಹಾಕಿದ ಜೋಡಿ ಉದ್ಧರಣ ಚಿಹ್ನೆಯನ್ನೇ ಪ್ರೋಗ್ರಾಂ ಕಾರಣದ ಕೊನೆ ಎಂದು ತಿಳಿಯುತ್ತದೆ. ಅಲ್ಲಿಗೆ ಅದು ನೋಡುವುದು ಬರಿದಾದ ಕಾರಣವನ್ನು. ಮುಂದೆ ಅಲ್ಪವಿರಾಮ ಬರಬೇಕಾದಲ್ಲಿ ‘ಮೈ’ ಎದುರಾಗುತ್ತದೆ. ಪೈಥಾನ್ ಆಗ `Expecting ',' delimiter` ಎಂದು ದೂರಿ ನಿಲ್ಲುತ್ತದೆ. ಹೆಸರಿಗೆ ಒಂಟಿ ಚಿಹ್ನೆ ಬಳಸಿದ್ದರೆ, ಇಲ್ಲವೇ ಪ್ರತಿ ಜೋಡಿ ಚಿಹ್ನೆಯ ಹಿಂದೆ `\` ಇಟ್ಟಿದ್ದರೆ ಸಾಕಿತ್ತು. ಕಾರಣದ ನಡುವೆ ಸಾಲು ಮುರಿದರೂ ಇದೇ ಗತಿ, ಅದನ್ನು `\n` ಎಂದೇ ಬರೆಯಬೇಕು. ಒಂದೇ ವಾಕ್ಯದ ಕಾರಣದಲ್ಲಿ ಸಾಲು ಮುರಿಯುವ ಸಂದರ್ಭವೇ ಅಪರೂಪ, ಉದ್ಧರಣೆಗಳೂ ಕಡಿಮೆ.

ಪ್ರೋಗ್ರಾಮರುಗಳು ಇದಕ್ಕೆ ಆಕ್ಷೇಪ ಎತ್ತಬಹುದು: ಜೇಸನ್ ಕಟ್ಟುವ ಕೆಲಸವನ್ನು `json.dumps`ನಂಥ ಸಾಧನಕ್ಕೆ ಬಿಟ್ಟರೆ ಚಿಹ್ನೆಗಳನ್ನು ಅದೇ ಸರಿಪಡಿಸುತ್ತದಲ್ಲ? ನಿಜ, ಆದರೆ ಇಲ್ಲಿ ಆವರಣದಿಂದ ಆವರಣದವರೆಗೆ ಬರೆಯುತ್ತಿರುವುದು ಮಾದರಿಯೇ. ವ್ಯಾಕರಣ ತಪ್ಪದಂತೆ ಅದನ್ನು ಬಿಗಿಹಿಡಿಯುವ ವ್ಯವಸ್ಥೆಗಳಿವೆ, ಅವು ಚಿಹ್ನೆಯ ತೊಂದರೆಯನ್ನು ನೀಗಿಸುತ್ತವೆ. ಉದ್ದದ ತೊಂದರೆ ಮಾತ್ರ ಅವುಗಳ ಕೈಯಲ್ಲಿಲ್ಲ. ಉತ್ತರಕ್ಕೆ ಒಂದು ಮಿತಿ ಇರುತ್ತದೆ, ಕನ್ನಡ ಅದನ್ನು ಬೇಗ ತುಂಬಿಸುತ್ತದೆ. ಯುಟಿಎಫ್-8ರಲ್ಲಿ `Kikkeri`ಗೆ 7 ಬೈಟ್ ಸಾಕು, ‘ಕಿಕ್ಕೇರಿ’ಗೆ 24 ಬೇಕು. ಮಾದರಿ ಎಣಿಸುವ ತುಣುಕುಗಳು ಬೈಟುಗಳೇ ಅಲ್ಲವಾದರೂ, ಕನ್ನಡಕ್ಕೆ ಸಾಮಾನ್ಯವಾಗಿ ಅವೂ ಹೆಚ್ಚೇ ಬೇಕಾಗುತ್ತವೆ. ಕಾರಣ ಬರೆಯುತ್ತಿರುವಾಗಲೇ ಮಿತಿ ಮುಗಿದರೆ ಮುಚ್ಚುವ ಚಿಹ್ನೆಯೂ ಆವರಣವೂ ಬರುವುದೇ ಇಲ್ಲ. ಪರದೆಯ ಮೇಲೆ `Unterminated string` ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಹಾಗಾದರೆ `match` ಅನ್ನೇ ಮೊದಲು ಬರೆಸಿದರೆ ತೀರ್ಮಾನವಾದರೂ ಉಳಿಯದೇ ಎಂದು ಕೇಳಬಹುದು. ಅರ್ಧಕ್ಕೆ ನಿಂತ ಸಾಲನ್ನು ಪ್ರೋಗ್ರಾಂ ಹೇಗೂ ಓದುವುದಿಲ್ಲ. ಮೇಲಾಗಿ ಮಾದರಿ ಎಡದಿಂದ ಬರೆಯುತ್ತಾ ಹೋಗುವುದರಿಂದ, ತೀರ್ಮಾನದ ನಂತರ ಬರೆದ ಕಾರಣ ಆ ತೀರ್ಮಾನವನ್ನು ತಿದ್ದಲಾರದು, ಸಮರ್ಥಿಸಬಹುದಷ್ಟೆ. ಆದ್ದರಿಂದ ಕಾರಣ ಮೊದಲೇ ಇರಲಿ, ಒಂದೇ ವಾಕ್ಯದಲ್ಲಿರಲಿ. ಅದರಲ್ಲಿ ಬರಹದ ಯಾವ ಪದ ಸುಳಿವಾಯಿತು ಎಂಬುದಿದ್ದರೆ ತಪಾಸಣೆ ಮಾಡುವವರಿಗೆ ಸಾಕು.