ಹೊಲಿಯುವ ಮೊದಲು ಹಾಳೆ ಸಮ ಮಾಡಿ

ಅರ್ಜಿಯ ಜೊತೆ ಹತ್ತು ಹನ್ನೆರಡು ಕಾಗದಪತ್ರಗಳನ್ನು ‘ಒಂದೇ ಪಿಡಿಎಫ್ ಫೈಲಾಗಿ’ ಕಳಿಸಬೇಕೆಂಬ ಸೂಚನೆ ಈಗ ಪ್ರತಿ ಮನೆಗೂ ಪರಿಚಿತ. ಎಂ.ಎಸ್ಸಿ. ಪ್ರವೇಶಕ್ಕೆ ಅರ್ಜಿ ಹಾಕುವ ಒಬ್ಬ ವಿದ್ಯಾರ್ಥಿನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಆಕೆಯ ಬಳಿ ಇರುವುದು ವರ್ಡ್‌ನಲ್ಲಿ ಬರೆದ ಮೂರು ಪುಟಗಳ ಉದ್ದೇಶಪತ್ರ, ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಚಿತ್ರಗಳಾಗಿ ತಂದ ಆರು ಸೆಮಿಸ್ಟರ್‌ಗಳ ಅಂಕಪಟ್ಟಿ, ಮೊಬೈಲಿನಲ್ಲಿ ತೆಗೆದ ಒಂದು ಅಡ್ಡ ಪ್ರಮಾಣಪತ್ರದ ಫೋಟೊ, ಮತ್ತು ಉದ್ದನೆಯ ಲೀಗಲ್ ಹಾಳೆಯಲ್ಲಿರುವ ಎರಡು ಪುಟಗಳ ಅಫಿಡವಿಟ್. ಒಟ್ಟು ಹನ್ನೆರಡು ಪುಟ.

ಅವನ್ನೆಲ್ಲ ಒಂದು ತಂತ್ರಾಂಶಕ್ಕೆ ಕೊಟ್ಟು ‘ಸೇರಿಸು’ ಎಂದರೆ ಕ್ಷಣದಲ್ಲಿ ಒಂದು ಫೈಲು ಸಿದ್ಧವಾಗುತ್ತದೆ. ತೆರೆದು ನೋಡಿದರೆ ಉದ್ದೇಶಪತ್ರ ಸರಿಯಾಗಿದೆ. ನಾಲ್ಕನೆಯ ಪುಟಕ್ಕೆ ಬಂದಾಗ ಮಾತ್ರ ಒಂದೊಂದು ಅಕ್ಷರವೂ ಅಂಗೈಯಗಲ! ಹತ್ತನೆಯ ಪುಟದ ಪ್ರಮಾಣಪತ್ರ ಪಕ್ಕಕ್ಕೆ ಮಲಗಿದೆ. ಕೊನೆಯ ಎರಡು ಪುಟ ಉಳಿದವಕ್ಕಿಂತ ಉದ್ದ. ಕಚೇರಿಯವರು ಇದನ್ನು ಇದ್ದ ಅಳತೆಯಲ್ಲೇ ಮುದ್ರಿಸಿದರೆ ಅಫಿಡವಿಟ್‌ನ ಕೊನೆಯ ಸಾಲುಗಳು, ಅಂದರೆ ಸಹಿ ಮತ್ತು ಮುದ್ರೆ ಇರುವ ಜಾಗವೇ, ಹಾಳೆಯಿಂದ ಹೊರಗೆ ಉಳಿಯುತ್ತದೆ.

ಹೀಗೇಕಾಗುತ್ತದೆ?

ಪಿಡಿಎಫ್ ಎಂಬುದು ಪುಸ್ತಕವಿದ್ದಂತೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಬಿಡಿ ಹಾಳೆಗಳ ಕಟ್ಟು. ಪ್ರತಿ ಹಾಳೆಯೂ ತನ್ನ ಅಗಲ, ಎತ್ತರಗಳನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಸೇರಿಸುವ ತಂತ್ರಾಂಶ ಸಾಮಾನ್ಯವಾಗಿ ಹಾಳೆಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತದೆಯೇ ಹೊರತು ಅವುಗಳ ಅಳತೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ಅಳತೆ ಸರಿಪಡಿಸುವ ಕೆಲಸ ಜೋಡಣೆಗೆ ಮೊದಲೇ ಆಗಬೇಕು.

ಅಂಕಪಟ್ಟಿಯ ಅಕ್ಷರ ಅಂಗೈಯಗಲವಾದದ್ದು ಹೇಗೆಂಬುದನ್ನು ತಿಳಿದರೆ ಉಳಿದದ್ದು ಸುಲಭ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಅದನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 2480 ಚುಕ್ಕೆ ಅಗಲ, 3508 ಚುಕ್ಕೆ ಎತ್ತರದ ಚಿತ್ರ ಸಿಗುತ್ತದೆ. ‘ಅಂಗುಲಕ್ಕೆ 300’ ಎಂಬ ಮಾಹಿತಿ ಚಿತ್ರದ ಜೊತೆಗೇ ಇದ್ದರೆ ತೊಂದರೆಯಿಲ್ಲ. ಕೈಯಿಂದ ಕೈಗೆ ದಾಟುವಾಗ ಆ ಮಾಹಿತಿ ಕಳೆದುಹೋಯಿತೆನ್ನಿ. ಆಗ ಕೆಲವು ತಂತ್ರಾಂಶಗಳು ಅಂಗುಲಕ್ಕೆ 72 ಚುಕ್ಕೆ ಎಂದು ಊಹಿಸಿಕೊಳ್ಳುತ್ತವೆ. 2480ನ್ನು 72ರಿಂದ ಭಾಗಿಸಿದರೆ 34 ಅಂಗುಲಕ್ಕೂ ಹೆಚ್ಚು. 3508ನ್ನು ಭಾಗಿಸಿದರೆ ಸುಮಾರು 49 ಅಂಗುಲ. ಅಂಕಪಟ್ಟಿ ಗೋಡೆಗೆ ತೂಗುಹಾಕುವ ಭೂಪಟದಷ್ಟಾಯಿತು!

ಪ್ರಮಾಣಪತ್ರ ಮಲಗಿದ್ದಕ್ಕೆ ಕಾರಣ ಬೇರೆ. ಮೊಬೈಲಿನ ಕ್ಯಾಮೆರಾ ಸಾಮಾನ್ಯವಾಗಿ ಚಿತ್ರದ ಚುಕ್ಕೆಗಳನ್ನು ತಿರುಗಿಸದೆ, ‘ಇದನ್ನು ಇಂಥ ಕಡೆಗೆ ತಿರುಗಿಸಿ ತೋರಿಸಿ’ ಎಂಬ ಚೀಟಿಯನ್ನಷ್ಟೇ ಫೈಲಿಗೆ ಅಂಟಿಸಿರುತ್ತದೆ. ಮೇಜಿನ ಮೇಲಿನ ಕಾಗದದ ಫೋಟೊ ತೆಗೆಯಲು ಮೊಬೈಲನ್ನು ನೆಲಕ್ಕೆ ಮುಖ ಮಾಡಿ ಹಿಡಿದಾಗ ಮೇಲು ಯಾವುದು, ಪಕ್ಕ ಯಾವುದು ಎಂದು ಮೊಬೈಲಿಗೇ ಗೊಂದಲವಾಗಿ ಚೀಟಿ ತಪ್ಪಾಗುವುದುಂಟು. ಚೀಟಿ ಸರಿಯಿದ್ದರೂ ಅದನ್ನು ಓದದ ತಂತ್ರಾಂಶಗಳಿವೆ.

ಮೊದಲ ಕಂತು: ವರ್ಡ್ ಪುಟಗಳು

ಈಗ ಸರಿಪಡಿಸಲು ತೊಡಗೋಣ. ಉದ್ದೇಶಪತ್ರವನ್ನು ತೆರೆದು Layout ಪಟ್ಟಿಯ Size ಒತ್ತಿ A4 ಆಯ್ದುಕೊಳ್ಳಿ. ಅಲ್ಲಿ ಮೊದಲೇ Letter ಎಂದಿರುವುದು ತೀರ ಸಾಮಾನ್ಯ. ಅದು ಅಮೆರಿಕದ ಅಳತೆ. ಎ4ಗಿಂತ ಅಗಲದಲ್ಲಿ ಸುಮಾರು 6 ಮಿ.ಮೀ. ಹೆಚ್ಚು, ಎತ್ತರದಲ್ಲಿ ಸುಮಾರು 18 ಮಿ.ಮೀ. ಕಡಿಮೆ. ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಳತೆ ಬದಲಿಸಿದ ಮೇಲೆ ಸಾಲುಗಳು ಮೇಲೆ ಕೆಳಗೆ ಸರಿಯುತ್ತವೆ. ಶೀರ್ಷಿಕೆಯೊಂದು ಪುಟದ ಕೊನೆಯಲ್ಲಿ ಒಂಟಿಯಾಗಿ ನಿಂತಿಲ್ಲವಷ್ಟೇ ಎಂದು ನೋಡಿಕೊಳ್ಳಿ. ಬಳಿಕ File ಪಟ್ಟಿಯ Save As ಮೂಲಕ ಪಿಡಿಎಫ್ ಆಗಿ ಉಳಿಸಿ, ಹೆಸರಿನ ಮೊದಲಿಗೆ 01 ಎಂದು ಕೊಡಿ.

ಈ ಕೆಲಸವನ್ನು ಬರೆದ ಕಂಪ್ಯೂಟರಿನಲ್ಲೇ ಮುಗಿಸುವುದು ಒಳ್ಳೆಯದು. ಬರಹ ನುಡಿಯಂಥ ಹಳೆಯ ಅಕ್ಷರಶೈಲಿಯಲ್ಲಿದ್ದು, ಅಂಗಡಿಯ ಕಂಪ್ಯೂಟರಿನಲ್ಲಿ ಅದು ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣಿಸುತ್ತದೆ. ಪಿಡಿಎಫ್ ಮಾಡುವಾಗ ಅಕ್ಷರಶೈಲಿಯೂ ಸಾಮಾನ್ಯವಾಗಿ ಫೈಲಿನೊಳಗೆ ಸೇರುವುದರಿಂದ ಆ ಭಯವಿಲ್ಲ.

ಎರಡನೆಯ ಕಂತು: ಚಿತ್ರಗಳು

ಆರು ಅಂಕಪಟ್ಟಿ ಮತ್ತು ಪ್ರಮಾಣಪತ್ರಕ್ಕೆ ವರ್ಡ್‌ನಲ್ಲೇ ಇನ್ನೊಂದು ಖಾಲಿ ಕಡತ ತೆರೆಯಿರಿ. ಅಳತೆ A4, ನಾಲ್ಕೂ ಬದಿಯ ಅಂಚು ಒಂದು ಸೆಂ.ಮೀ. ಇರಲಿ. Insert ಪಟ್ಟಿಯ Pictures ಮೂಲಕ ಪುಟಕ್ಕೊಂದರಂತೆ ಅಂಕಪಟ್ಟಿ ಇಡುತ್ತಾ ಹೋಗಿ, ಪ್ರತಿಯೊಂದರ ಅಗಲವನ್ನೂ 19 ಸೆಂ.ಮೀ. ಮಾಡಿ. ಆಗ ಎತ್ತರ ತಾನಾಗಿ ಸುಮಾರು 26.9 ಸೆಂ.ಮೀ. ಆಗುತ್ತದೆ. ಚುಕ್ಕೆಗಳ ಲೆಕ್ಕ ಕಳೆದುಹೋಗಿದ್ದರೂ ಈಗ ಚಿಂತೆಯಿಲ್ಲ. ಹಾಳೆಯ ಅಳತೆಯನ್ನು ನಿರ್ಧರಿಸುವುದು ವರ್ಡ್, ಚಿತ್ರವಲ್ಲ. ಎತ್ತರವನ್ನು ಅಂಚಿನವರೆಗೂ ಎಳೆಯಬೇಡಿ. ಚಿತ್ರದ ಕೆಳಗೆ ಒಂದು ಖಾಲಿ ಸಾಲಿಗೂ ಜಾಗ ಉಳಿಯದಿದ್ದರೆ ಆ ಸಾಲು ಮುಂದಕ್ಕೆ ಜಿಗಿದು ನಡುವೆ ಬರಿಯ ಪುಟವೊಂದು ಹುಟ್ಟಿಕೊಳ್ಳುತ್ತದೆ.

ಪ್ರಮಾಣಪತ್ರದ ಸರದಿ ಬಂದಾಗ ಮೊದಲು ಫೋಟೊ ತೆರೆದು, ಮೇಜಿನ ಭಾಗವನ್ನು ಕತ್ತರಿಸಿ, ನೆಟ್ಟಗೆ ತಿರುಗಿಸಿ ಹೊಸ ಹೆಸರಿನಲ್ಲಿ ಉಳಿಸಿಕೊಳ್ಳಿ. ಆನಂತರ ವರ್ಡ್‌ನಲ್ಲಿ Layout ಪಟ್ಟಿಯ Breaks ಒತ್ತಿ Next Page ಆಯ್ದು, ಹೊಸ ಪುಟಕ್ಕೆ ಮಾತ್ರ Orientation ಎಂಬಲ್ಲಿ Landscape ಕೊಡಿ. Next Page ಹಾಕದೆ Landscape ಕೊಟ್ಟರೆ ಏಳೂ ಪುಟ ಅಡ್ಡವಾಗುತ್ತವೆ.

ಅಡ್ಡ ಹಾಳೆಯೂ ಎ4 ಹಾಳೆಯೇ, ಮಲಗಿಸಿದ್ದೇವೆ ಅಷ್ಟೆ. ತೆರೆಯ ಮೇಲೆ ಓದುವವರಿಗೆ ಅದು ಹೀಗಿರುವುದೇ ಅನುಕೂಲ. ‘ಎಲ್ಲ ಪುಟಗಳೂ ನೇರವಾಗಿರಬೇಕು’ ಎಂದು ಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ನೇರ ಪುಟದಲ್ಲಿ ಕುಗ್ಗಿಸಿ ಇಡಬೇಕು. ಆಗ ಅಕ್ಷರಗಳು ಹತ್ತಕ್ಕೆ ಏಳರಷ್ಟಾಗುತ್ತವೆ. ದೊಡ್ಡ ಅಕ್ಷರದ ಪ್ರಮಾಣಪತ್ರ ಇದನ್ನು ತಾಳಿಕೊಳ್ಳುತ್ತದೆ. ಸಣ್ಣ ಅಂಕಿಗಳ ಕೋಷ್ಟಕ ತಾಳುವುದು ಕಷ್ಟ. ಈ ಕಡತವನ್ನೂ ಪಿಡಿಎಫ್ ಮಾಡಿ 02 ಎಂದು ಹೆಸರಿಡಿ.

ಇಲ್ಲೊಂದು ಎಚ್ಚರಿಕೆ. ಅಂಗಡಿಯಿಂದ ಸ್ಕ್ಯಾನ್ ಮಾಡಿದ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ತರಿಸಿಕೊಂಡರೆ ದಾರಿಯಲ್ಲೇ ಅವು ಸಣ್ಣದಾಗಿ ನೋಂದಣಿ ಸಂಖ್ಯೆ ಮಸುಕಾಗಬಹುದು. Document ಆಗಿ ಕಳಿಸಲು ಹೇಳಿ. ಮೂಲ ಚಿತ್ರ ಹಾಗೆಯೇ ಬರುತ್ತದೆ.

ಮೂರನೆಯ ಕಂತು: ಉದ್ದನೆಯ ಪಿಡಿಎಫ್

ಅಫಿಡವಿಟ್ ಈಗಾಗಲೇ ಪಿಡಿಎಫ್ ಆಗಿದೆ. ಅದನ್ನು ವರ್ಡ್‌ನಲ್ಲಿ ತೆರೆಯಬೇಡಿ. ವರ್ಡ್ ಅದನ್ನು ತಿದ್ದಬಹುದಾದ ಬರಹವಾಗಿಸಲು ಹೋಗಿ ಮುದ್ರೆ, ಸಹಿಗಳ ಸ್ಥಾನವನ್ನು ಕದಲಿಸಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಅಕ್ರೊಬ್ಯಾಟ್ ರೀಡರ್‌ನಿಂದ ತೆರೆದು ಮುದ್ರಣಕ್ಕೆ ಕೊಡಿ. ಮುದ್ರಕದ ಹೆಸರಿನ ಜಾಗದಲ್ಲಿ Microsoft Print to PDF ಆರಿಸಿ, Page Setup ಒತ್ತಿ ಹಾಳೆಯನ್ನು A4 ಮಾಡಿ, Fit ಎಂಬುದನ್ನು ಆಯ್ದುಕೊಳ್ಳಿ. Choose paper source by PDF page size ಎಂಬ ಚೌಕದಲ್ಲಿ ಗುರುತಿದ್ದರೆ ತೆಗೆಯಿರಿ. ಇಲ್ಲವಾದರೆ ಹಳೆಯ ಅಳತೆಯೇ ಮರಳಿ ಬರಬಹುದು. ಕಾಗದಕ್ಕೆ ಬದಲು ಹೊಸ ಪಿಡಿಎಫ್ ಮೇಲೆ ಮುದ್ರಣವಾಗುತ್ತದೆ. ಲೀಗಲ್ ಹಾಳೆಯ ಎತ್ತರ ಸುಮಾರು 356 ಮಿ.ಮೀ.; ಅದನ್ನು 297ರೊಳಗೆ ತಂದಾಗ 12 ಪಾಯಿಂಟ್ ಅಕ್ಷರ ಸುಮಾರು 10 ಪಾಯಿಂಟ್ ಆಗುತ್ತದೆ. ಓದಲು ಅಡ್ಡಿಯಿಲ್ಲ. ಇದು 03.

ಆದರೆ ಡಿಜಿಟಲ್ ಸಹಿ ಇರುವ ಫೈಲಿಗೆ ಈ ಉಪಾಯ ಸಲ್ಲದು. ಕಂಪ್ಯೂಟರಿನ ಮೂಲಕ ಸಹಿಯಾದ ಪ್ರಮಾಣಪತ್ರವನ್ನು ಮರುಮುದ್ರಿಸಿದರೆ ಅಥವಾ ಬೇರೆ ಪುಟಗಳ ಜೊತೆ ಸೇರಿಸಿದರೆ ಸಹಿಯ ಚಿತ್ರ ಉಳಿಯಬಹುದು, ಆದರೆ ಅದನ್ನು ಪರಿಶೀಲಿಸುವ ಶಕ್ತಿ ಉಳಿಯುವುದಿಲ್ಲ. ಅಂಥ ಮೂಲ ಫೈಲನ್ನು ಬೇರೆಯಾಗಿ ಜೋಪಾನ ಮಾಡಿ. ಕಚೇರಿ ಕೇಳಿದರೆ ಅದನ್ನೇ ಕೊಡಬೇಕಾಗುತ್ತದೆ.

ಜೋಡಣೆ ಮತ್ತು ಪರೀಕ್ಷೆ

ಈಗ ಮೂರು ಫೈಲುಗಳಿವೆ, ಮೂರೂ ಎ4. ಸೇರಿಸಲು PDFsam Basic ಎಂಬ ಉಚಿತ ತಂತ್ರಾಂಶ ಸಾಕು. ಅದರ Merge ಆಯ್ದು, ಮೂರನ್ನೂ ಕ್ರಮವಾಗಿ ಇಟ್ಟು ಓಡಿಸಿದರೆ ಮುಗಿಯಿತು. ಇದೇ ಕೆಲಸ ಮಾಡಿಕೊಡುವ ಜಾಲತಾಣಗಳು ಬಹಳಷ್ಟಿವೆ. ಆದರೆ ಅಲ್ಲಿಗೆ ಅಂಕಪಟ್ಟಿ, ಅಫಿಡವಿಟ್‌ಗಳನ್ನು ಪರರ ಕಂಪ್ಯೂಟರಿಗೆ ಏರಿಸಬೇಕು. ಈ ತಂತ್ರಾಂಶ ನಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ.

ಕಳಿಸುವ ಮೊದಲು ಐದು ನಿಮಿಷ ಪರೀಕ್ಷೆಗೆ ಕೊಡಿ. ಅಕ್ರೊಬ್ಯಾಟ್ ರೀಡರ್‌ನಲ್ಲಿ ಫೈಲು ತೆರೆದು Ctrl ಮತ್ತು D ಕೀಲಿಗಳನ್ನು ಒಟ್ಟಿಗೆ ಒತ್ತಿದರೆ Page Size ಎಂಬ ಸಾಲು ಕಾಣುತ್ತದೆ. ಅಲ್ಲಿ 210 x 297 ಮಿ.ಮೀ. ಅಥವಾ ಅಂಗುಲದಲ್ಲಿ 8.27 x 11.69 ಇರಬೇಕು. ಈ ಸಾಲು ಹೇಳುವುದು ಆ ಕ್ಷಣ ತೆರೆಯ ಮೇಲಿರುವ ಪುಟದ ಅಳತೆಯನ್ನು ಮಾತ್ರ. ಆದ್ದರಿಂದ 1, 4, 10 ಮತ್ತು 11ನೆಯ ಪುಟಗಳಲ್ಲಿ, ಅಂದರೆ ಕಾಗದದ ಬಗೆ ಬದಲಾಗುವಲ್ಲೆಲ್ಲ ನಿಂತು ನೋಡಬೇಕು. ಹತ್ತನೆಯದರಲ್ಲಿ ಅಂಕಿಗಳು ತಲೆಕೆಳಗಾಗಿ 297 x 210 ಎಂದಿದ್ದರೆ ಸರಿ.

ಪುಟವೊಂದು ಮಲಗಿರುವುದು ಕಂಡರೆ ಹಲವರು ರೀಡರ್‌ನ Rotate View ಒತ್ತಿ ನೆಟ್ಟಗೆ ಮಾಡಿ ನಿಟ್ಟುಸಿರು ಬಿಡುತ್ತಾರೆ. ಅದು ನೋಟವನ್ನು ತಿರುಗಿಸುತ್ತದೆ, ಪುಟವನ್ನಲ್ಲ; ಫೈಲು ಮುಚ್ಚಿ ತೆರೆದರೆ ಪುಟ ಮತ್ತೆ ಮಲಗಿರುತ್ತದೆ. ತಪ್ಪು ಇರುವುದು 02ರಲ್ಲಾದರೆ ಆ ಕಡತವೊಂದನ್ನೇ ತಿದ್ದಿ ಮತ್ತೆ ಸೇರಿಸಿದರಾಯಿತು. ಮೂರು ಕಂತುಗಳನ್ನೂ ವರ್ಡ್ ಕಡತಗಳನ್ನೂ ಅಳಿಸದೆ ಇಟ್ಟುಕೊಂಡಿದ್ದರೆ ಮುಂದಿನ ಅರ್ಜಿಗೆ ಉದ್ದೇಶಪತ್ರ ಬದಲಿಸಿ 01ನ್ನು ಹೊಸದಾಗಿ ಮಾಡುವುದಷ್ಟೇ ಬಾಕಿ.